ಖಾಲಿ ಜಾಗಕ್ಕೊಂದು ತಟ್ಟು

ಹಿಂದಿ ಕ್ಲಾಸು ನಡೆಯುತ್ತಿದ್ದದ್ದು ಜೆರಾಕ್ಸ್ ಅಂಗಡಿಯ ಮಹಡಿಯ ಮೇಲೆ. ಕೆಳಗೆ ಯಂತ್ರ ಓಡಿದಾಗಲೆಲ್ಲ ಮೇಲಿನ ನೆಲ ಸಣ್ಣಗೆ ನಡುಗುತ್ತಿತ್ತು. ಹೊಸಬರು ಬೆಚ್ಚಿ ಕಾಲೆತ್ತಿಕೊಳ್ಳುತ್ತಿದ್ದರು, ಹಳಬರಿಗೆ ಅದು ಜೋಗುಳವಾಗಿತ್ತು. ಮೇಡಂ ದಿನಾ ಸಂಜೆ ಆ ಅಂಗಡಿಯಿಂದಲೇ ಬಿಸಿ ಬಿಸಿ ಹಾಳೆಗಳನ್ನು ಎತ್ತಿಕೊಂಡು ಮೆಟ್ಟಿಲು ಹತ್ತಿ ಬರುತ್ತಿದ್ದರು. ಹಾಳೆಯ ತುಂಬ ಹಿಂದಿ ವಾಕ್ಯಗಳು, ವಾಕ್ಯಗಳ ನಡುವೆ ಚುಕ್ಕೆ ಚುಕ್ಕೆಯ ಖಾಲಿ ಜಾಗಗಳು. ಆ ಜಾಗಗಳಿಗೆ ನೇ, ಕೋ, ಸೇ, ಕಾ, ಮೇಂ, ಪರ್ ಎಂಬ ವಿಭಕ್ತಿಗಳಲ್ಲಿ ಯಾವುದು ಕೂರುತ್ತದೋ ಅದನ್ನು ಕೂರಿಸಬೇಕು. ಕೇಳುವುದಕ್ಕೆ ಸುಲಭ. ಕೂರಿಸಲು ಹೋದವರಿಗೆ ಗೊತ್ತು.

ಆ ಕ್ಲಾಸಿಗೊಂದು ಪದ್ಧತಿ ಇತ್ತು. ವಾಕ್ಯ ಓದುವಾಗ ಖಾಲಿ ಜಾಗ ಬಂದರೆ ಬಾಯಲ್ಲಿ 'ಡ್ಯಾಶ್' ಎನ್ನಕೂಡದು. ಹಾಗೆಂದರೆ ಡ್ಯಾಶೇ ನಾಲಿಗೆಗೆ ಅಂಟಿಕೊಂಡುಬಿಡುತ್ತದೆ ಎಂಬುದು ಮೇಡಂ ನಂಬಿಕೆ. ಅದಕ್ಕೆ ಅವರು ಮರದ ಸ್ಕೇಲಿನಿಂದ ಮೇಜಿಗೆ ಒಂದು ಸಲ ತಟ್ಟುತ್ತಿದ್ದರು.

"ಮಾಲೀ ಪೌಧೋಂ" (ಟಕ್) "ಪಾನೀ ದೇತಾ ಹೈ!"

"ಕೋ!" ಎಂದು ಇಡೀ ಕ್ಲಾಸು ಕೂಗುತ್ತಿತ್ತು.

"ಈ ಮಾಲಿಗೆ ರಜಾನೇ ಇಲ್ವಾ ಮೇಡಂ?" ಎಂದು ಒಂದು ದಿನ ಡ್ರೈವರಣ್ಣ ಕೇಳಿದ. ಅವನು ಟ್ಯಾಕ್ಸಿ ಓಡಿಸುವವನು. "ಸೇರಿದಾಗಿಂದ ನೋಡ್ತಿದ್ದೀನಿ, ಗಿಡಕ್ಕೆ ನೀರು ಹಾಕ್ತಾನೇ ಇದ್ದಾನೆ. ಗಿಡ ಕೊಳೆತುಹೋಗಲ್ವಾ?"

"ನೀವು 'ಕೋ' ಸರಿಯಾಗಿ ಹಾಕೋವರೆಗೂ ಅವನು ನೀರು ಹಾಕ್ಲೇಬೇಕು" ಎಂದರು ಮೇಡಂ.

ಕ್ಲಾಸಿನಲ್ಲಿ ಇದ್ದವರೇ ನಾಲ್ಕೈದು ಜನ. ಡ್ರೈವರಣ್ಣ, ಆಸ್ಪತ್ರೆಯ ಸಿಸ್ಟರ್, ಬ್ಯಾಂಕಿನ ಪರೀಕ್ಷೆ ಕಟ್ಟಿದ್ದ ಹುಡುಗಿ. ಕೊನೆಯ ಬೆಂಚಿನಲ್ಲಿ ಸೋಫಾ ಮಾಮ.

ಸೋಫಾ ಮಾಮ ಎಂದರೆ ಸೋಫಾಗಳಿಗೆ ಹೊಸ ಬಟ್ಟೆ ಹೊದಿಸಿ ಹೊಲಿಯುವವರು. ಬಾಯಿ ತುಂಬ ಸಣ್ಣ ಮೊಳೆ ಇಟ್ಟುಕೊಂಡು, ಒಂದೊಂದನ್ನೇ ತುಟಿಗೆ ತಂದು, ಸುತ್ತಿಗೆಯಿಂದ ತಟ್ಟುವ ಮನುಷ್ಯ. ಮೊದಲೆಲ್ಲ ಮೊಳೆ ಬಾಯಲ್ಲಿದ್ದರೂ ಮಾತು ನಿಲ್ಲುತ್ತಿರಲಿಲ್ಲವಂತೆ. ಈಗ ಮೊಳೆ ಇಲ್ಲದಿದ್ದರೂ ಮಾತಿಲ್ಲ. ಮಗಳು ಹೋದಮೇಲೆ ಹಾಗಾಗಿದ್ದರು.

ಮಗಳು ಹಿಂದಿಯವನನ್ನು ಮದುವೆಯಾಗಿ ದೂರದ ಊರಿನಲ್ಲಿದ್ದಳು. ಜ್ವರ ಎಂದು ಫೋನ್ ಮಾಡಿದ್ದಳು. ಇವರು ಗಂಡ ಹೆಂಡತಿ ರೈಲು ಇಳಿಯುವಷ್ಟರಲ್ಲಿ ಎಲ್ಲ ಮುಗಿದಿತ್ತು. ಅಲ್ಲಿ ಎಲ್ಲರೂ ಅಳುತ್ತಿದ್ದರು, ಹಿಂದಿಯಲ್ಲಿ ಏನೇನೋ ಹೇಳುತ್ತಿದ್ದರು. ಮಾಮನಿಗೆ ಒಂದೂ ತಿಳಿಯಲಿಲ್ಲ. ಅರ್ಥವಾಗದ ಭಾಷೆಯಲ್ಲಿ ಅಳುವುದು ಹೇಗೆಂದು ಗೊತ್ತಾಗಲಿಲ್ಲವೋ ಏನೋ, ಅವರು ಅಳಲೂ ಇಲ್ಲ. ಅಲ್ಲಿಂದ ಬಂದಮೇಲೂ ಅಳಲಿಲ್ಲ. ಬೆಳಿಗ್ಗೆ ಅಂಗಡಿಯ ಬಾಗಿಲು ಎತ್ತುತ್ತಿದ್ದರು, ಸಂಜೆ ಇಳಿಸುತ್ತಿದ್ದರು. ಒಮ್ಮೆ ಸುತ್ತಿಗೆ ಹೆಬ್ಬೆರಳಿಗೇ ಬಿತ್ತು. ಬಿಳಿ ಬಟ್ಟೆಯ ಮೇಲೆ ಕೆಂಪು ಕಲೆ ಕಂಡಮೇಲೆ ಇದು ಯಾರದಪ್ಪಾ ಎಂದು ಹುಡುಕಿದರು. ಉಗುರು ಕಪ್ಪಾಯಿತು. ಅದೂ ನೋಯುತ್ತಿರಲಿಲ್ಲ.

ಉಳಿದದ್ದು ಮೊಮ್ಮಗಳು. ಇನ್ನೂ ಹಾಲುಹಲ್ಲು ಬೀಳುವ ವಯಸ್ಸು. ಅವಳಮ್ಮ ಇದ್ದಾಗ ಫೋನಿನಲ್ಲಿ ಆ ಕಡೆ ಹಿಂದಿ, ಈ ಕಡೆ ಕನ್ನಡ, ನಡುವೆ ಮಗಳು. "ಅಪ್ಪಾ, ಇವಳು ನಿಮ್ಮನ್ನ ಕೇಳ್ತಿದ್ದಾಳೆ, ಸೋಫಾದೊಳಗೆ ಏನಿರುತ್ತೆ ಅಂತ." "ಹೇಳು, ಅರ್ಧ ಸ್ಪ್ರಿಂಗು, ಅರ್ಧ ಗಿರಾಕಿ ಕಳ್ಕೊಂಡ ಪೆನ್ನು." ಮಗಳು ನಗುತ್ತಾ ಹಿಂದಿಗೆ ತಿರುಗಿಸುತ್ತಿದ್ದಳು, ಆ ಕಡೆ ಮಗು ನಗುತ್ತಿತ್ತು. ಈಗ ನಡುವಿನವಳಿಲ್ಲ. ಮಗು ಅಪ್ಪನ ತಾಯಿಯ ಹತ್ತಿರ ಬೆಳೆಯುತ್ತಿತ್ತು. ಫೋನು ಮಾಡಿದರೆ ಈ ಕಡೆಯ ಉಸಿರು ಆ ಕಡೆಗೆ, ಆ ಕಡೆಯ ಉಸಿರು ಈ ಕಡೆಗೆ, ಅಷ್ಟೆ.

ಅದಕ್ಕೇ ಮಾಮ ಕ್ಲಾಸಿಗೆ ಸೇರಿದ್ದು. ಆಸೆಯಿಂದ ಸೇರಿದರು ಎಂದರೆ ಸುಳ್ಳಾದೀತು. ಜೆರಾಕ್ಸ್ ಅಂಗಡಿಯ ಕುರ್ಚಿಗೆ ರೆಕ್ಸಿನ್ ಹಾಕಲು ಬಂದಿದ್ದರು, ಮೇಲಿನಿಂದ ಹಿಂದಿ ಕೇಳಿಸಿತು, ಕೆಲಸ ಮುಗಿಸಿ ಹಾಗೇ ಮೇಲೆ ಹತ್ತಿ ಕೂತರು.

ಅವರ ಹೆಂಡತಿಗೆ ಇದು ಹಿಡಿಸಲಿಲ್ಲ. "ಮಗಳಿದ್ದಾಗ ಒಂದಕ್ಷರ ಕಲೀಲಿಲ್ಲ, ಈಗ ಯಾರಿಗೆ ಕಲೀತೀರಿ?" ಎಂದರು.

"ಸಂಜೆ ಹೊತ್ತು ಹೋಗುತ್ತೆ."

"ಹೊತ್ತು ಹೋಗೋಕೆ ಮನೇಲಿ ನಾನಿಲ್ವಾ?"

ಇಬ್ಬರೂ ಮನೆಯಲ್ಲಿದ್ದರೆ ಹೊತ್ತು ಹೋಗುವುದಿಲ್ಲ ಎಂಬುದು ಇಬ್ಬರಿಗೂ ಗೊತ್ತಿತ್ತು.

ಮಾಮನ ಕಲಿಕೆ ಕೆಟ್ಟದ್ದೇನಲ್ಲ. "ಕನ್ನಡದಲ್ಲಿ ಮನೆಗೆ ಅಂದ್ರೆ 'ಗೆ' ಮನೆ ಜೊತೆಗೇ ಹೊಲಿದಿರುತ್ತೆ. ಇವರದ್ದು ಬೇರೆ ದಿಂಬು, ಎತ್ತಿ ಪಕ್ಕಕ್ಕಿಡೋದು" ಎಂದು ಒಮ್ಮೆ ಅವರೇ ಹೇಳಿದರು. ಮೇಡಂಗೆ ಅದು ಬಹಳ ಹಿಡಿಸಿ, "ದಿಂಬು ಇಟ್ಟಾಗ ಕೂತಿರೋನು ಸ್ವಲ್ಪ ಸರೀಬೇಕು ಮಾಮ. ಲಡ್ಕಾ ಇದ್ದೋನು ಲಡ್ಕೇ ಕೋ ಆಗ್ತಾನೆ, ಮರೀಬೇಡಿ" ಎಂದು ಸೇರಿಸಿದರು. ಆದರೆ ಕನ್ನಡದವರೆಲ್ಲ ಬೀಳುವ ಗುಂಡಿಗಳಲ್ಲಿ ಮಾಮನೂ ಬೀಳುತ್ತಿದ್ದರು. ನಾವು ಅಮ್ಮನನ್ನು ಕೇಳಿದೆ ಎನ್ನುತ್ತೇವೆ, ಅದಕ್ಕೆ 'ಮಾಂ ಕೋ ಪೂಛಾ' ಎಂದುಬಿಡುವುದು. "ಸೇ, ಸೇ, ಮಾಂ ಸೇ ಪೂಛಾ! ಹಿಂದಿಯವರು ಅಮ್ಮನಿಂದ ಕೇಳ್ತಾರೆ" ಎಂದು ಮೇಡಂ ತಲೆ ಚಚ್ಚಿಕೊಳ್ಳುತ್ತಿದ್ದರು. 'ನೇ' ಬಂದ ದಿನವಂತೂ ಡ್ರೈವರಣ್ಣ ಕ್ಲಾಸೇ ಬಿಡುವುದಾಗಿ ಬೆದರಿಸಿದ. ಹುಡುಗ ರೊಟ್ಟಿ ತಿಂದರೆ 'ತಿಂದ' ಎಂಬ ಕ್ರಿಯಾಪದ ಸ್ತ್ರೀಲಿಂಗದ ರೊಟ್ಟಿಯನ್ನು ನೋಡಿಕೊಂಡು ಬದಲಾಗಬೇಕಂತೆ, 'ಲಡ್ಕೇ ನೇ ರೋಟೀ ಖಾಯೀ'. "ತಿಂದೋನು ನಾನು, ಮರ್ಯಾದೆ ರೊಟ್ಟಿಗಾ?" ಎಂದು ಅವನು ಕೇಳಿದ್ದಕ್ಕೆ ಸಿಸ್ಟರ್ ನಕ್ಕೂ ನಕ್ಕೂ ಕಣ್ಣೊರೆಸಿಕೊಂಡರು.

ಇದ್ದಾರೆ, ಇದೆ ಎಂಬ ಪಾಠದ ದಿನ ಮೇಡಂ ಒಬ್ಬೊಬ್ಬರನ್ನೇ ಎಬ್ಬಿಸಿದರು. ನನಗೆ ಒಬ್ಬ ತಮ್ಮ ಇದ್ದಾನೆ, ನನಗೆ ಇಬ್ಬರು ಮಕ್ಕಳು, ಹೀಗೆ ಅವರವರ ಮನೆಯವರನ್ನು ಹೇಳಬೇಕು. ಕೊನೆಯ ಬೆಂಚಿಗೆ ಬರುವಾಗ ಅವರಿಗೆ ಮಾಮನ ಮಗಳು ಹೋದದ್ದು ನೆನಪಾಗಲಿಲ್ಲ, ಸರದಿಯ ಓಘದಲ್ಲಿ ಬಂದುಬಿಟ್ಟಿದ್ದರು.

ಮಾಮ ಎದ್ದು, "ಮುಝೇ ಏಕ್ ಬೇಟೀ ಹೈ" ಎಂದರು.

"ಮುಝೇ ಅಲ್ಲ ಮಾಮ. ನಾವು ನನಗೆ ಅಂತೀವಿ, ಹಿಂದೀಲಿ ನನ್ನ ಅನ್ನಬೇಕು. ಮೇರೀ ಏಕ್ ಬೇಟೀ ಹೈ."

"ಮೇರೀ ಏಕ್ ಬೇಟೀ ಹೈ" ಎಂದರು ಮಾಮ. ಆಮೇಲೆ, ಬಟ್ಟೆಯ ಅಳತೆ ಕೇಳುವ ಹಾಗೆ, "ಇದ್ದಳು ಅನ್ನೋಕೆ?" ಎಂದರು.

ಕೆಳಗಿನ ಯಂತ್ರ ನಿಂತಿತ್ತು. ಡ್ರೈವರಣ್ಣ ತನ್ನ ಚಪ್ಪಲಿ ನೋಡಿಕೊಂಡ.

"ಥೀ" ಎಂದರು ಮೇಡಂ.

"ಮೇರೀ ಏಕ್ ಬೇಟೀ ಥೀ" ಎಂದು ಮಾಮ ಒಂದೂ ತಪ್ಪಿಲ್ಲದೆ ಹೇಳಿ ಕೂತರು. ಬೆಂಚು ಕಿರ್ ಎಂದಿತು. ಅವರ ಮುಖದಲ್ಲಿ ಏನೂ ಇರಲಿಲ್ಲ. ಅತ್ತಿದ್ದರೆ ಎಲ್ಲರಿಗೂ ಏನಾದರೂ ಮಾಡಲು ಇರುತ್ತಿತ್ತು. ಸಿಸ್ಟರ್ ನೀರಿನ ಬಾಟಲಿ ಚಾಚಿದರು, ಮಾಮ ಬಾಯಾರಿಕೆ ಇಲ್ಲದಿದ್ದರೂ ಕುಡಿದರು.

ಮೇಜು ತಟ್ಟುವ ಪದ್ಧತಿಯಿಂದ ಆದ ಅನಾಹುತವೊಂದಿದೆ. ಮೇಡಂ ಡ್ಯಾಶ್ ನಾಲಿಗೆಗೆ ಅಂಟುತ್ತದೆ ಎಂದು ಹೆದರಿದ್ದರಲ್ಲ, ಅದರ ಬದಲು ತಟ್ಟುವುದು ಎಲ್ಲರ ಕೈಗೆ ಅಂಟಿತು. ಸಿಸ್ಟರ್ ವಾರ್ಡಿನಲ್ಲಿ ಹಿಂದಿ ರೋಗಿಯೊಬ್ಬರಿಗೆ "ಆಪ್" ಎಂದು, ಮುಂದಿನದು ತಕ್ಷಣ ಹೊಳೆಯದೆ ಮಂಚದ ಸರಳಿಗೆ ಟಕ್ ಎಂದು ತಟ್ಟಿ, "ಕಹಾಂ ದರ್ದ್ ಹೈ?" ಎಂದರಂತೆ. ರೋಗಿ ಮಂಚ ಮುರಿದಿದೆಯೇನೋ ಎಂದು ಎದ್ದು ಕೂತನಂತೆ. ಡ್ರೈವರಣ್ಣ ಸ್ಟೀರಿಂಗಿಗೆ ತಟ್ಟಲು ಹೋಗಿ ಹಾರನ್ ಹೊಡೆಯುತ್ತಿದ್ದ. ಸೋಫಾ ಮಾಮನಿಗೆ ತಟ್ಟುವುದು ಹುಟ್ಟುಕಸುಬು, ಕೇಳಬೇಕೆ.

ಹೀಗಿರುವಾಗ ಅಳಿಯನಿಂದ ಸಂದೇಶ ಬಂತು. ಡ್ರೈವರಣ್ಣ, ಸಿಸ್ಟರ್, ಬ್ಯಾಂಕಿನ ಹುಡುಗಿ ಮೂವರೂ ತಲೆಗೂಡಿಸಿ ಓದಿದರು. ಅಳಿಯನಿಗೆ ಇನ್ನೂ ದೂರಕ್ಕೆ ವರ್ಗವಾಗಿದೆ. ಅವನ ತಾಯಿ ಮಗುವನ್ನು ಕರೆದುಕೊಂಡು ತಮ್ಮ ಊರಿಗೆ ಹೋಗುತ್ತಿದ್ದಾರೆ, ಅಲ್ಲೇ ಶಾಲೆ. ದಾರಿಯಲ್ಲಿ ಈ ಊರಿನಲ್ಲಿ ರೈಲು ಬದಲಿಸಬೇಕು. ಆ ನಡುವಿನ ಮಧ್ಯಾಹ್ನ ಮನೆಗೆ ಬಂದು ಮಗಳ ಸೂಟ್‌ಕೇಸ್ ಕೊಟ್ಟು ಹೋಗುತ್ತಾರೆ.

"ಸೂಟ್‌ಕೇಸ್ ಕೊಡೋಕೆ ಬರ್ತಾರಂತೆ" ಎಂದು ಮಾಮ ಮನೆಯಲ್ಲಿ ಹೇಳಿದರು.

ಹೆಂಡತಿ ಒಲೆ ಆರಿಸಿ ತಿರುಗಿದರು. "ಹಾಗಾದ್ರೆ ಲೆಕ್ಕ ಚುಕ್ತಾ ಅಂತ ಅರ್ಥ. ಅದನ್ನ ಕೊಟ್ಟುಹೋದ್ರೆ ಇನ್ಯಾಕೆ ಬರ್ತಾರೆ? ಮಗೂನ ರಜದಲ್ಲಿ ಕಳಿಸಿ ಅಂತ ಕೇಳ್ರೀ. ಈಗ ಕೇಳದಿದ್ರೆ ಆ ಮಗು ನಮ್ಮನ್ನ ಮರೆತೇಹೋಗುತ್ತೆ."

"ಕೇಳ್ಬೇಕು."

"ನಿಮ್ಮ ಮೇಡಂನ ಕರ್ಕೊಂಡು ಬನ್ನಿ. ಅವರು ಚೆನ್ನಾಗಿ ಹೇಳ್ತಾರೆ."

ಮೇಡಂ ಬರುತ್ತೇನೆ ಎಂದರು. ಮಾಮನೇ ಬೇಡವೆಂದರು. "ಹೆಣ್ಣು ಕೇಳೋಕೆ ಅವರು ಬಂದಾಗ್ಲೂ ಮಧ್ಯೆ ಒಬ್ಬರು ಕೂತಿದ್ರು ಮೇಡಂ. ಮಗಳು ಹೋದಾಗ್ಲೂ ಯಾರೋ ಒಬ್ಬರು ಮಧ್ಯೆ. ಇದೊಂದು ನನ್ನ ಬಾಯಲ್ಲೇ ಆಗ್ಲಿ." ಇಷ್ಟುದ್ದ ಮಾತು ಅವರ ಬಾಯಿಂದ ಬಂದದ್ದು ಆ ಕ್ಲಾಸಿನಲ್ಲಿ ಅದೇ ಮೊದಲು.

ಮೇಡಂ ಅವರೊಬ್ಬರಿಗಾಗಿ ಒಂದು ಹಾಳೆ ಮಾಡಿದರು. ಮೂರೇ ವಾಕ್ಯ, ಎಂದಿನ ಹಾಗೆ ಚುಕ್ಕೆಗಳೊಂದಿಗೆ.

"ಉತ್ತರ ತುಂಬಿಸಿಕೊಡಿ ಮೇಡಂ, ಪಾಪ" ಎಂದರು ಸಿಸ್ಟರ್.

"ತುಂಬಿಸಿಕೊಟ್ರೆ ಓದಿಬಿಡ್ತಾರೆ. ಓದೋದಲ್ಲ, ಮಾತಾಡ್ಬೇಕು."

ಅಂಗಡಿಯಲ್ಲಿ ಮಾಮ ಅದನ್ನೇ ಹೇಳಿಕೊಂಡರು. ಮುಝೇ ಆಪ್ ಸೇ ಏಕ್ ಬಾತ್ ಕಹನೀ ಹೈ, ನಿಮಗೆ ಒಂದು ಮಾತು ಹೇಳಬೇಕು. ಛುಟ್ಟಿಯೋಂ ಮೇಂ ಬಚ್ಚೀ ಕೋ ಹಮಾರೇ ಪಾಸ್ ಭೇಜಿಯೇ, ರಜದಲ್ಲಿ ಮಗುವನ್ನು ನಮ್ಮಲ್ಲಿಗೆ ಕಳಿಸಿ. ಹಮ್ ಬಚ್ಚೀ ಕಾ ಧ್ಯಾನ್ ರಖೇಂಗೇ, ಮಗುವನ್ನು ನೋಡಿಕೊಳ್ಳುತ್ತೇವೆ. ಈ ಮೂರನೆಯದರಲ್ಲಿ ಅವರು ಪ್ರತಿ ಸಲವೂ 'ಕೋ' ಎನ್ನುತ್ತಿದ್ದರು. ಮಗುವನ್ನು ತಾನೇ ನೋಡಿಕೊಳ್ಳುವುದು? "ಮಗುವಿನ ಕಡೆ ಗಮನ ಅಂತ ಇಟ್ಕೊಳ್ಳಿ, ಕಾ ತಾನಾಗೇ ಬರುತ್ತೆ" ಎಂದಿದ್ದರು ಮೇಡಂ. ಸುತ್ತಿಗೆಯ ಒಂದೊಂದು ಏಟಿಗೆ ಒಂದೊಂದು ಮೊಳೆ, ಒಂದೊಂದು ಕೋ, ಮೇಂ, ಕಾ. ಮಾತುಗಳು ಬಾಯಿಗೆ ಬಂದವು. ಆದರೆ ಹಾಳೆ ನೋಡಿದಾಗೆಲ್ಲ ಕಣ್ಣಿಗೆ ಕಾಣುತ್ತಿದ್ದದ್ದು ಚುಕ್ಕೆಗಳೇ.

ಆ ಮಧ್ಯಾಹ್ನ ಬೀಗಿತ್ತಿ ಬಂದರು. ಎತ್ತರದ ಹೆಂಗಸು, ಮಂಡಿ ನೋವು, ಒಂದು ಕೈಯಲ್ಲಿ ಮಗು. ಆಟೋದವನು ಸೂಟ್‌ಕೇಸನ್ನು ಹೊಸ್ತಿಲೊಳಗೆ ಇಟ್ಟು ಹೋದ. ನೀಲಿ ಬಣ್ಣದ್ದು, ಮಾಮನೇ ಕೊಡಿಸಿದ್ದು. ಮಾಮ ಅದನ್ನು ನೋಡಿ, ಒಂದು ಚಕ್ರ ಹೋಗಿದೆ ಎಂದುಕೊಂಡರು. ಅದಕ್ಕಿಂತ ಹೆಚ್ಚಿಗೆ ಏನೂ ಅನ್ನಿಸಲಿಲ್ಲ.

ಮಗು ಬೆಳೆದಿತ್ತು. ಮುಂದಿನ ಹಲ್ಲೆರಡು ಇರಲಿಲ್ಲ. "ನಮಸ್ತೇ ನಾನಾ" ಎಂದಿತು.

"ನಾನಾ ಅಂತೆ. ಅಜ್ಜ ಅನ್ನು ಪುಟ್ಟೀ" ಎಂದರು ಅಜ್ಜಿ. ಮಗು ಅವರ ಮುಖ ನೋಡಿ, ನಕ್ಕು, ತನ್ನ ದಾದಿಯ, ಅಪ್ಪನ ತಾಯಿಯ, ಸೀರೆಯ ಹಿಂದೆ ಹೋಯಿತು. ಅಜ್ಜಿ ಅಡುಗೆಮನೆಗೆ ಹೋದರು. ಚಹಾ ತರಲು ಬೇಕಾದ್ದಕ್ಕಿಂತ ಹೆಚ್ಚು ಹೊತ್ತು ಅಲ್ಲೇ ಇದ್ದರು.

ಚಹಾ ಬಂತು. ಬಿಸ್ಕತ್ತು ಬಂತು. ಬೀಗಿತ್ತಿ ಎರಡು ಸಲ ಗೋಡೆ ಗಡಿಯಾರ ನೋಡಿದರು. ಹೆಂಡತಿ ಬಾಗಿಲ ಬಳಿಯಿಂದ ಮಾಮನಿಗೆ ಕಣ್ಣಲ್ಲೇ, ಹೂಂ, ಈಗ, ಎಂದರು.

ಮಾಮ ನೆಟ್ಟಗೆ ಕೂತರು. "ಮುಝೇ ಆಪ್" ಎಂದರು.

ಮುಂದೆ ಏನೂ ಇರಲಿಲ್ಲ. ಅಷ್ಟು ದಿನ ಮೊಳೆಯ ಜೊತೆ ಹೊಡೆದು ಕೂರಿಸಿದ್ದೆಲ್ಲ ಎಲ್ಲಿ ಹೋಯಿತೋ. ತಲೆಯೊಳಗೆ ಬಿಳಿ ಹಾಳೆ, ಹಾಳೆಯ ಮೇಲೆ ಚುಕ್ಕೆಗಳು. ಕೈ ಮಾತ್ರ ಮರೆತಿರಲಿಲ್ಲ. ಟೀಪಾಯಿಯ ಮರಕ್ಕೆ ಹೆಬ್ಬೆರಳಿನಿಂದ ಟಕ್ ಎಂದು ತಟ್ಟಿತು. "ಏಕ್ ಬಾತ್ ಕಹನೀ ಹೈ."

ಬೀಗಿತ್ತಿ ಟೀಪಾಯಿ ನೋಡಿದರು, ಕಪ್ಪು ಉಗುರು ನೋಡಿದರು, ಮಾಮನನ್ನು ನೋಡಿದರು.

"ದಾದೀ, ನಾನಾ ಖೇಲ್ ರಹೇ ಹೈಂ!" ಎಂದಿತು ಮಗು. ಅಜ್ಜ ಆಟ ಆಡುತ್ತಿದ್ದಾರೆ. ಸೀರೆಯ ಹಿಂದಿನಿಂದ ಹೊರಗೆ ಬಂದು ಟೀಪಾಯಿಯ ಪಕ್ಕ ಕೂತಿತು. "ಸೇ! ಆಪ್ ಸೇ!"

"ಹಾಂ. ಸೇ" ಎಂದರು ಮಾಮ.

ಮಗು ಇನ್ನೊಂದಕ್ಕಾಗಿ ಕಾಯುತ್ತಿತ್ತು. ಮಾಮ ನಿಧಾನಕ್ಕೆ, "ಛುಟ್ಟಿಯೋಂ" ಎಂದು ತಟ್ಟಿದರು.

"ಮೇಂ!"

"ಬಚ್ಚೀ." ಟಕ್.

"ಕೋ!"

"ಹಮಾರೇ." ಟಕ್.

ಮಗು ಹಲ್ಲಿಲ್ಲದ ಜಾಗಕ್ಕೆ ನಾಲಿಗೆ ಸಿಕ್ಕಿಸಿಕೊಂಡು ಯೋಚಿಸಿತು. "ಘರ್?" ಎಂದಿತು. ಅದೂ ಸರಿಯೇ, ನಮ್ಮ ಮನೆಗೆ ಎಂದಾಗುತ್ತದೆ. ಮೇಡಂ ಇದ್ದರೂ ಅಂಕ ಕೊಡುತ್ತಿದ್ದರು. ಮಾಮನಿಗೆ ಮಾತ್ರ ಹಾಳೆಯಲ್ಲಿದ್ದದ್ದು ಅದಲ್ಲ ಎಂದು ಗೊತ್ತಿತ್ತು, ಯಾವುದೆಂದು ಗೊತ್ತಿರಲಿಲ್ಲ. ಸರಿ ಎಂದು ತಲೆಯಾಡಿಸಿ, "ಭೇಜಿಯೇ" ಎಂದು ಮುಗಿಸಿದರು.

ಮಗು ಇಡೀ ವಾಕ್ಯವನ್ನು ಜೋಡಿಸಿ ಒಂದು ಸಲ ಜೋರಾಗಿ ಹೇಳಿತು. ಹೇಳಿದಮೇಲೆ ಅದಕ್ಕೆ ಅರ್ಥ ಹೊಳೆಯಿತು. "ದಾದೀ, ಬಚ್ಚೀ ಮೈಂ ಹೂಂ?" ಆ ಮಗು ನಾನೇನಾ?

ಬೀಗಿತ್ತಿಯ ಕೈ ಮಗುವಿನ ಜಡೆಯನ್ನು ಹಿಡಿದುಕೊಂಡಿತ್ತು, ಬಸ್ಸಿನಲ್ಲಿ ನಿಂತವರು ಮೇಲಿನ ಪಟ್ಟಿ ಹಿಡಿಯುವ ಹಾಗೆ. ಮಗ ದೂರ ಹೋದ, ಸೊಸೆ ಹೋದಳು, ಅವರ ಬಳಿ ಉಳಿದದ್ದೂ ಇದೊಂದೇ. ಕಳಿಸಿದರೆ ವಾಪಸು ಬಂದೀತೇ ಎಂಬ ಭಯ ಅದು. ಆ ಭಯ ಮಾಮನಿಗೆ ಅರ್ಥವಾಗಲು ಯಾವ ಭಾಷೆಯೂ ಬೇಕಿರಲಿಲ್ಲ.

ಉಳಿದದ್ದು ಮೂರನೆಯ ವಾಕ್ಯ. "ಹಮ್ ಬಚ್ಚೀ" ಎಂದು ಮಾಮ ತಟ್ಟಿದರು. ಈ ಸಲ ಮಗು ಬಾಯಿ ಬಿಡಲಿಲ್ಲ, ದಾದಿಯ ಮುಖವನ್ನೇ ನೋಡುತ್ತಿತ್ತು. ಮಾಮ ಮತ್ತೆ ತಟ್ಟಿದರು. ತಟ್ಟಿ ಕಾದರು.

"ಕಾ" ಎಂದರು ಬೀಗಿತ್ತಿ, ಕೇಳಿಯೂ ಕೇಳಿಸದ ಹಾಗೆ.

"ಧ್ಯಾನ್ ರಖೇಂಗೇ" ಎಂದರು ಮಾಮ.

ಬೀಗಿತ್ತಿ ತಲೆ ತಗ್ಗಿಸಿ ಹಿಂದಿಯಲ್ಲಿ ಬಡಬಡ ಏನೇನೋ ಹೇಳಿದರು. ನಡುವೆ ಮಗಳ ಮಾತು ಬಂತು, ಸೊಸೆಯನ್ನು ಬಹೂ, ಬಹೂ ಎನ್ನುತ್ತಿದ್ದರು. ಮಾಮನಿಗೆ ಮಾಲಿಯ ಹಿಂದಿ ಬರುತ್ತಿತ್ತು, ಈ ಹಿಂದಿ ಬರುತ್ತಿರಲಿಲ್ಲ. ಅದನ್ನು ಅವರ ಮುಖದಲ್ಲಿ ಕಂಡು ಬೀಗಿತ್ತಿ ನಿಲ್ಲಿಸಿದರು. ಸೆರಗಿನಿಂದ ಮೂಗೊರೆಸಿಕೊಂಡು, ಸಾಸರಿನಲ್ಲಿದ್ದ ಚಮಚ ಎತ್ತಿಕೊಂಡರು. ಇವರ ಮನೆಯಲ್ಲಿ ಹಿಂದಿ ಆಡುವ ಕ್ರಮವೇ ಇದು ಎಂದು ತಿಳಿದರೋ, ಇವರಿಗೆ ಹೀಗೆ ಹೇಳಿದರೇ ತಲುಪುವುದು ಎಂದು ತಿಳಿದರೋ.

"ಗರ್ಮೀ" ಎಂದು ಸಾಸರಿಗೆ ಕಿಣ್ ಎಂದು ತಟ್ಟಿದರು.

ಮಾಮ ನೋಡಿದರು. "ಕೀ" ಎಂದರು.

"ಛುಟ್ಟಿಯೋಂ." ಕಿಣ್.

"ಮೇಂ."

"ಬಚ್ಚೀ." ಕಿಣ್.

"ಕೋ."

"ಮೈಂ ಲಾಊಂಗೀ" ಎಂದು ಬೀಗಿತ್ತಿ ತಮ್ಮ ಎದೆ ಮುಟ್ಟಿ ತೋರಿಸಿದರು. ಲಾನಾ ಎಂದರೆ ತರುವುದು, ಕರೆತರುವುದು. ಕ್ಲಾಸಿನ ಒಂದು ಹಾಳೆಯಲ್ಲಿ ಮಾಲಿ ಬಾಜಾರಿನಿಂದ ಹೂ ತಂದಿದ್ದ. ಮಾಮನಿಗೆ ತಿಳಿಯಿತು. ಕಳಿಸುವುದಿಲ್ಲ, ತಾವೇ ಕರೆದುಕೊಂಡು ಬರುತ್ತಾರೆ, ತಾವೂ ಇರುತ್ತಾರೆ.

ಮಗುವಿಗೆ ಆಟ ಮುಗಿದದ್ದು ಬೇಸರವಾಯಿತು. ಚಮಚ ಕಸಿದುಕೊಂಡು ಸೂಟ್‌ಕೇಸಿಗೆ ತಟ್ಟುತ್ತಾ ಕೂತಿತು.

ಆಟೋ ತಿರುವಿನಲ್ಲಿ ಮರೆಯಾದಮೇಲೆ ಹೆಂಡತಿ ಕೇಳಿದರು, "ಏನಂದ್ರು? ಟಕ್ ಟಕ್ ಅಂತ ಏನ್ರೀ ಅದು, ಸೋಫಾ ರಿಪೇರಿನಾ?"

"ಬೇಸಿಗೆ ರಜಕ್ಕೆ ಮಗೂನ ಕರ್ಕೊಂಡು ಬರ್ತಾರಂತೆ. ಅವರೂ ಬರ್ತಾರೆ."

"ಅವರೂನಾ?" ಹೆಂಡತಿ ಖಾಲಿ ಕಪ್ಪುಗಳನ್ನು ಎತ್ತಿಕೊಂಡರು. "ರಜ ಪೂರ್ತಿ?"

"ಗೊತ್ತಿಲ್ಲ. ಅಷ್ಟು ಕೇಳೋಕೆ ಬರಲ್ಲ ನನಗೆ."

ಸೂಟ್‌ಕೇಸನ್ನು ಯಾರೂ ತೆಗೆಯಲಿಲ್ಲ. ಮಾಮ ಅದನ್ನು ಎತ್ತಿ ಒಳಗೆ ಇಡಲು ಹೋದರು, ಹಿಡಿ ಹೆಬ್ಬೆರಳಿಗೆ ಒತ್ತಿತು. ಉಗುರು ನೋಯುತ್ತಿತ್ತು. ಅವರು ಸೂಟ್‌ಕೇಸನ್ನು ಕೆಳಗಿಟ್ಟು, ಬೆರಳನ್ನು ಇನ್ನೊಂದು ಕೈಯಲ್ಲಿ ಹಿಡಿದುಕೊಂಡು, ಅಲ್ಲೇ ನಿಂತರು.

ಮರುದಿನ ಸಂಜೆ ಮಾಮ ಚಪ್ಪಲಿ ಮೆಟ್ಟುವಾಗ ಹೆಂಡತಿಯೂ ಸೀರೆ ಬದಲಾಯಿಸಿ ಬಂದು ನಿಂತರು.

"ನೀನೆಲ್ಲಿಗೆ?"

"ಆ ಅಮ್ಮ ಬಂದ್ರೆ ಅಡುಗೆಮನೇಲಿ ಅವರ ಜೊತೆ ಇರೋಳು ನಾನಲ್ವಾ? ಉಪ್ಪು ಕೊಡಿ ಅನ್ನೋಕೂ ನಿಮ್ಮನ್ನ ಕೂಗಲಾ?"

ಕ್ಲಾಸಿನಲ್ಲಿ ಸಿಸ್ಟರ್ ಸರಿದು ಬೆಂಚಿನಲ್ಲಿ ಜಾಗ ಮಾಡಿದರು. ಯಂತ್ರ ಓಡಿ ನೆಲ ನಡುಗಿತು, ಹೊಸಬರು ಬೆಚ್ಚಿ ಕಾಲೆತ್ತಿಕೊಂಡರು. ಮೇಡಂ ಸ್ಕೇಲ್ ಎತ್ತಿದರು.

"ಮಾಲೀ ಪೌಧೋಂ..."